ಮೂರನೇ ಬಿಲ್ಲು, ಕೆಳಗಿನ ಐದು ಸಾಲು

ಖಜಾಂಚಿಗಳು ನನ್ನ ಮುಂದಿಟ್ಟ ಬಿಲ್ಲಿನ ಕೊನೆಯ ಸಾಲಿನಲ್ಲಿ 10,97,544 ರೂಪಾಯಿ ಎಂದಿತ್ತು. ಅವರದೊಂದು ಪತ್ತಿನ ಸಹಕಾರ ಸಂಘ. ಸ್ವಂತ ನಿವೇಶನದಲ್ಲಿ ಕೆಳಗೆ ಸಭಾಂಗಣ, ಮೇಲೆ ಕಚೇರಿ ಕಟ್ಟಿಸುತ್ತಿದ್ದಾರೆ. ಎರಡೂ ಛಾವಣಿಗೆ ಕಾಂಕ್ರೀಟ್ ಬಿದ್ದಿದೆ, ನೆಲಮಹಡಿಯ ಗೋಡೆ ಎದ್ದಿದೆ, ಒಳಗಾರೆ ಶುರುವಾಗಿದೆ. ಕಂಟ್ರಾಕ್ಟರು ಮೂರನೇ ರನ್ನಿಂಗ್ ಬಿಲ್ ಕೊಟ್ಟಿದ್ದಾರೆ. ಖಜಾಂಚಿಗಳಿಗೆ ಇದ್ದದ್ದು ಒಂದೇ ಅನುಮಾನ: "ಗೋಡೆ ಅಳತೆ ಜಾಸ್ತಿ ಬರೆದವ್ರಾ, ಸ್ವಲ್ಪ ಟೇಪು ಹಿಡಿದು ನೋಡಿಬಿಡಿ ಸಾರ್."

ಟೇಪು ಹಿಡಿದೆ. ಗೋಡೆ ಅಳತೆ ಜಾಸ್ತಿಯೇ ಇತ್ತು. ಎರಡು ದಿನ ಕೂತು ಇಡೀ ಬಿಲ್ಲನ್ನು ತಿದ್ದಿದ ಮೇಲೆ ಕೊಡಬೇಕಾದ ಮೊತ್ತ 7,44,965 ರೂಪಾಯಿಗೆ ಬಂದು ನಿಂತಿತು. ಇಳಿದದ್ದು 3,52,579. ಆದರೆ ಇದರಲ್ಲಿ ಅಳತೆಯ ತಪ್ಪಿನಿಂದ ಇಳಿದದ್ದು ಒಂದು ಲಕ್ಷಕ್ಕೂ ಕಡಿಮೆ. ಉಳಿದ ಎರಡೂವರೆ ಲಕ್ಷ ಇದ್ದದ್ದು ಬಿಲ್ಲಿನ ಕೆಳಭಾಗದಲ್ಲಿ, ಮುಂಗಡ ವಸೂಲಿ ಮತ್ತು ತಡೆಹಿಡಿಯುವ ಹಣದ ನಾಲ್ಕೈದು ಸಾಲಿನಲ್ಲಿ. ಅದನ್ನು ಹುಡುಕಲು ಟೇಪೂ ಬೇಕಿರಲಿಲ್ಲ, ಬಿಸಿಲಿಗೆ ಹೋಗುವುದೂ ಬೇಕಿರಲಿಲ್ಲ. ಕಟ್ಟಿಸುವವರು ಸಾಮಾನ್ಯವಾಗಿ ಮೇಲಿನ ಭಾಗಕ್ಕೆ ಜಗಳವಾಡಿ ಕೆಳಗಿನ ಭಾಗಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಆದ್ದರಿಂದ ಈ ಒಂದು ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಿ ತೋರಿಸುತ್ತೇನೆ.

ಮೊದಲು ಕರಾರು. ಕೆಲಸದ ಒಟ್ಟು ಮೊತ್ತ 1 ಕೋಟಿ 20 ಲಕ್ಷ, ಜಿಎಸ್‌ಟಿ ಬೇರೆ. ಜಿಎಸ್‌ಟಿಯನ್ನು ಈ ಲೇಖನದ ಉದ್ದಕ್ಕೂ ಹೊರಗೇ ಇಟ್ಟಿದ್ದೇನೆ. ಅದನ್ನು ಬೆರೆಸಿದರೆ ಉಳಿದ ಲೆಕ್ಕ ಮಸುಕಾಗುತ್ತದೆ. ಕೆಲಸ ಶುರುಮಾಡಲು ಶೇ. 10ರ ಮುಂಗಡ, ಅಂದರೆ 12 ಲಕ್ಷ, ಬ್ಯಾಂಕ್ ಗ್ಯಾರಂಟಿಯ ಮೇಲೆ ಕೊಟ್ಟಾಗಿದೆ. ಅದನ್ನು ಪ್ರತಿ ಬಿಲ್ಲಿನ ಕೆಲಸದ ಮೌಲ್ಯದ ಶೇ. 12.5ರಂತೆ ಹಿಂಪಡೆಯಬೇಕು. ಈ ಹನ್ನೆರಡೂವರೆ ಎಲ್ಲಿಂದ ಬಂತು ಎಂದು ಖಜಾಂಚಿಗಳು ಕೇಳಿದರು. 12 ಲಕ್ಷವನ್ನು ಶೇ. 12.5ರಂತೆ ಹಿಡಿಯುತ್ತ ಹೋದರೆ 96 ಲಕ್ಷದ ಕೆಲಸ ಮುಗಿಯುವ ಹೊತ್ತಿಗೆ ಪೂರ್ತಿ ವಾಪಸಾಗುತ್ತದೆ. 96 ಲಕ್ಷ ಎಂದರೆ ಒಟ್ಟು ಕೆಲಸದ ಶೇ. 80. ಕೊನೆಯ ಒಂದೈದನೇ ಭಾಗ ಉಳಿದಿರುವಾಗಲೇ ಮುಂಗಡ ತೀರಿರಬೇಕು ಎಂಬುದು ಇದರ ಹಿಂದಿನ ಲೆಕ್ಕ, ಏಕೆಂದರೆ ಕೊನೆಯ ಬಿಲ್ಲುಗಳಲ್ಲಿ ಕಿತ್ತಾಟ ಹೆಚ್ಚು, ಹಿಡಿಯಲು ಹಣ ಕಡಿಮೆ. ಇದರ ಜತೆಗೆ ಪ್ರತಿ ಬಿಲ್ಲಿನಲ್ಲಿ ಶೇ. 5ರಷ್ಟನ್ನು ತಡೆಹಿಡಿಯಬೇಕು. ಅದರಲ್ಲಿ ಅರ್ಧ ಕೆಲಸ ಮುಗಿದಾಗ, ಇನ್ನರ್ಧ ಮುಗಿದು ಒಂದು ವರ್ಷವಾದ ಮೇಲೆ ವಾಪಸು.

ಇನ್ನು ರನ್ನಿಂಗ್ ಬಿಲ್ ಎಂದರೇನು ಎಂಬುದು ಗೊತ್ತಿರಬೇಕು. ಇದು ಈ ತಿಂಗಳು ಮಾಡಿದ ಕೆಲಸದ ಬಿಲ್ಲಲ್ಲ. ಪಾಯಕ್ಕೆ ಗುದ್ದಲಿ ಬಿದ್ದ ದಿನದಿಂದ ಇವತ್ತಿನವರೆಗೆ ಆದ ಎಲ್ಲ ಕೆಲಸವನ್ನೂ ಪ್ರತಿ ಸಲ ಮೊದಲಿನಿಂದ ಬರೆದು, ಅದರಲ್ಲಿ ಹಿಂದಿನ ಬಿಲ್ಲಿನವರೆಗೆ ಒಪ್ಪಿಕೊಂಡದ್ದನ್ನು ಕಳೆಯುತ್ತಾರೆ. ಉಳಿದದ್ದು ಈ ಬಿಲ್ಲು. ಹೀಗೆ ಮಾಡುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಎರಡನೇ ಬಿಲ್ಲಿನಲ್ಲಿ ಕಾಂಕ್ರೀಟ್ ಎರಡು ಘನ ಮೀಟರ್ ಹೆಚ್ಚು ಹೋಗಿದ್ದರೆ ಮೂರನೆಯದರಲ್ಲಿ ಒಟ್ಟು ಪ್ರಮಾಣವನ್ನು ಸರಿಯಾಗಿ ಬರೆದರೆ ಸಾಕು, ತಪ್ಪು ತಾನೇ ತಿದ್ದಿಕೊಳ್ಳುತ್ತದೆ. ರನ್ನಿಂಗ್ ಬಿಲ್ಲಿಗೆ ಹಣ ಕೊಟ್ಟ ಮಾತ್ರಕ್ಕೆ ಆ ಅಳತೆಯನ್ನು ಒಪ್ಪಿದ ಹಾಗಲ್ಲ, ಅದು ಲೆಕ್ಕದ ಮೇಲೆ ಕೊಟ್ಟ ಹಣ ಅಷ್ಟೆ. ನೋಡಬೇಕಾದ ಸಂಗತಿ ಒಂದಿದೆ: 'ಹಿಂದಿನ ಬಿಲ್' ಎಂಬ ಕಾಲಮ್ಮಿನಲ್ಲಿರುವ ಅಂಕಿ ಹಿಂದಿನ ಸಲ ನೀವು ಸಹಿ ಹಾಕಿದ ಗೋಷ್ವಾರೆಯ ಅಂಕಿಯೇ ಹೌದೇ? ಅಲ್ಲಿ ಒಂದು ಐಟಂ ಬಿಟ್ಟುಹೋದರೆ ಅದಕ್ಕೆ ಎರಡನೇ ಸಲ ಹಣ ಹೋಗುತ್ತದೆ. ಈ ಬಿಲ್ಲಿನಲ್ಲಿ ಆ ಕಾಲಮ್ಮು ಸರಿಯಾಗಿತ್ತು: 21,00,000.

ಕಂಟ್ರಾಕ್ಟರು ಬರೆದಿದ್ದ ಗೋಷ್ವಾರೆ ಹೀಗಿತ್ತು.

| ಕೆಲಸ | ಈವರೆಗಿನ ಪ್ರಮಾಣ | ದರ (ರೂ.) | ಮೊತ್ತ (ರೂ.) |
|---|---|---|---|
| ಪಾಯದ ಅಗೆತ | 210 ಘನ ಮೀ. | 400 | 84,000 |
| ಸೈಜುಗಲ್ಲಿನ ಕಟ್ಟಡ | 45 ಘನ ಮೀ. | 6,000 | 2,70,000 |
| ಆರ್‌ಸಿಸಿ ಕಾಂಕ್ರೀಟ್ | 120 ಘನ ಮೀ. | 8,500 | 10,20,000 |
| ಕಬ್ಬಿಣ | 12.40 ಟನ್ | 85,000 | 10,54,000 |
| ಸೆಂಟ್ರಿಂಗ್ | 920 ಚ. ಮೀ. | 520 | 4,78,400 |
| ಸಾಲಿಡ್ ಬ್ಲಾಕ್ ಗೋಡೆ | 62 ಘನ ಮೀ. | 6,400 | 3,96,800 |
| ಒಳಗಾರೆ | 410 ಚ. ಮೀ. | 320 | 1,31,200 |
| ಒಟ್ಟು | | | 34,34,400 |
| ಹಿಂದಿನ ಬಿಲ್ಲಿನವರೆಗೆ | | | 21,00,000 |
| ಈ ಬಿಲ್ಲು | | | 13,34,400 |

ಇಂಥ ಪಟ್ಟಿ ಕೈಗೆ ಬಂದಾಗ ನಾನು ಮೊದಲು ಮಾಡುವುದು ಸಾಲುಗಳನ್ನು ಒಂದಕ್ಕೊಂದು ಭಾಗಿಸುವುದು. ಕಬ್ಬಿಣವನ್ನು ಕಾಂಕ್ರೀಟಿಗೆ ಭಾಗಿಸಿದರೆ ಘನ ಮೀಟರಿಗೆ 103 ಕಿಲೋ. ಪಿಲ್ಲರು, ಬೀಮು, ಛಾವಣಿ ಎಲ್ಲ ಸೇರಿದ ಇಂಥ ಕಟ್ಟಡಕ್ಕೆ ಇದು ಹುಬ್ಬೇರಿಸುವ ಸಂಖ್ಯೆಯಲ್ಲ. ಸೆಂಟ್ರಿಂಗನ್ನು ಭಾಗಿಸಿದರೆ ಘನ ಮೀಟರಿಗೆ 7.7 ಚದರ ಮೀಟರ್, ಅದೂ ಸರಿ. ಹೀಗೆ ಭಾಗಿಸಿದರೆ ದೊಡ್ಡ ಮೋಸ ಮಾತ್ರ ಕಾಣುತ್ತದೆ, ಸಣ್ಣ ತಪ್ಪು ಕಾಣುವುದಿಲ್ಲ. ಸಣ್ಣದಕ್ಕೆ ಗೋಷ್ವಾರೆಯ ಹಿಂದಿರುವ ಅಳತೆ ಪಟ್ಟಿಗೇ ಹೋಗಬೇಕು.

ಅಳತೆ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಸಂಖ್ಯೆ, ಉದ್ದ, ಅಗಲ, ಎತ್ತರ ಅಥವಾ ಆಳ, ಕೊನೆಗೆ ಪ್ರಮಾಣ ಇರುತ್ತದೆ. ಎಲ್ಲ ಸಾಲನ್ನೂ ಪರೀಕ್ಷಿಸಲು ಹೋದರೆ ಯಾರಿಗೂ ಪುರಸೊತ್ತು ಸಾಲದು. ಹಣ ಹೆಚ್ಚಿರುವ ಅಥವಾ ಹೊಸದಾಗಿ ಬಂದ ಒಂದು ಐಟಂ ಹಿಡಿದು ಅದನ್ನು ಬೇರುಸಹಿತ ನೋಡುವುದು ಲೇಸು. ಈ ಸಲ ಹೊಸದು ಬ್ಲಾಕ್ ಗೋಡೆ.

ಸಭಾಂಗಣದ ಹೊರ ಅಳತೆ 18 ಮೀಟರಿಗೆ 12 ಮೀಟರ್. ಗೋಡೆ ದಪ್ಪ 20 ಸೆಂ.ಮೀ., ನೆಲದಿಂದ ಮೇಲಿನ ಛಾವಣಿಯ ತನಕ 3.30 ಮೀಟರ್. ಪಟ್ಟಿಯಲ್ಲಿ ಹೀಗೆ ಬರೆದಿದ್ದರು: ಉದ್ದ ಗೋಡೆ 2 × 18.00 × 0.20 × 3.30, ಅಂದರೆ 23.76. ಅಡ್ಡ ಗೋಡೆ 2 × 12.00 × 0.20 × 3.30, ಅಂದರೆ 15.84. ಕೂಡಿದರೆ 39.60 ಘನ ಮೀಟರ್. ಕೆಳಗೆ 'ಕಳೆ' ಎಂದು ಬರೆದು ಎರಡು ಬಾಗಿಲು, ಹತ್ತು ಕಿಟಕಿಗೆ 6.12 ತೆಗೆದಿದ್ದರು. ಉಳಿದದ್ದು 33.48.

ಈ 'ಕಳೆ' ಎಂಬ ಸಾಲೇ ಓದುವವರನ್ನು ಮಲಗಿಸುವುದು. ಬಾಗಿಲು ಕಿಟಕಿ ಕಳೆದಿದ್ದಾರಲ್ಲ, ಪ್ರಾಮಾಣಿಕರು ಎಂದು ಖಜಾಂಚಿಗಳೂ ಮುಂದಿನ ಪುಟಕ್ಕೆ ಹೋಗಿಬಿಟ್ಟಿದ್ದರು. ಆದರೆ ಇದು ಪಿಲ್ಲರ್ ಕಟ್ಟಡ. ಹದಿನೆಂಟು ಮೀಟರಿಗೂ ಬ್ಲಾಕ್ ಇಟ್ಟಿಲ್ಲ, ಪಿಲ್ಲರಿನಿಂದ ಪಿಲ್ಲರಿಗೆ ಮಾತ್ರ ಇಟ್ಟಿದ್ದಾರೆ. ಉದ್ದ ಗೋಡೆಯಲ್ಲಿ 0.45 ಮೀಟರಿನ ಐದು ಪಿಲ್ಲರು ನಿಂತಿವೆ, 2.25 ಮೀಟರ್ ಹೋಯಿತು. ಅಡ್ಡ ಗೋಡೆಯಲ್ಲಿ ಮೂಲೆಯ ಎರಡರ 0.23ರಂತೆ 0.46, ನಡುವಿನದು 0.45, ಒಟ್ಟು 0.91 ಹೋಯಿತು. ಎತ್ತರವೂ 3.30 ಅಲ್ಲ, ತಲೆಯ ಮೇಲೆ 0.45 ಆಳದ ಬೀಮು ಕೂತಿದೆ. ಬ್ಲಾಕು ಏರಿರುವುದು 2.85 ಮೀಟರಿಗೆ. ಅದಲ್ಲದೆ ಕಿಟಕಿ ತಲೆಯ ಮಟ್ಟದಲ್ಲಿ ಸುತ್ತಲೂ 15 ಸೆಂ.ಮೀ. ಲಿಂಟಲ್ ಓಡಿದೆ.

ತಿದ್ದಿದರೆ ಉದ್ದ ಗೋಡೆ 2 × 15.75 × 0.20 × 2.85, ಅಂದರೆ 17.96. ಅಡ್ಡ ಗೋಡೆ 2 × 11.09 × 0.20 × 2.85, ಅಂದರೆ 12.64. ಕೂಡಿ 30.60. ಇದರಲ್ಲಿ ಬಾಗಿಲು ಕಿಟಕಿಯ 6.12, ಲಿಂಟಲಿನ 1.61 ಕಳೆದರೆ 22.87 ಘನ ಮೀಟರ್. ಬರೆದದ್ದಕ್ಕೂ ಇದ್ದದ್ದಕ್ಕೂ ವ್ಯತ್ಯಾಸ 10.61. ಪಿಲ್ಲರಿನ ಪಾಲು 4.17, ಬೀಮಿನದು 4.83, ಲಿಂಟಲಿನದು 1.61.

ರೂಪಾಯಿಯಲ್ಲಿ ಇದು 67,904. ನನಗೆ ಹಣಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಆ ಪಿಲ್ಲರು, ಬೀಮು, ಲಿಂಟಲು ಮೂರಕ್ಕೂ ಕಾಂಕ್ರೀಟ್ ಸಾಲಿನಲ್ಲಿ ಆಗಲೇ ಹಣ ಹೋಗಿದೆ. ಒಂದೇ ಜಾಗಕ್ಕೆ ಒಮ್ಮೆ ಕಾಂಕ್ರೀಟ್ ಎಂದು, ಇನ್ನೊಮ್ಮೆ ಬ್ಲಾಕ್ ಎಂದು ಬಿಲ್ ಆಗಿದೆ. ಗೋಡೆಯ ಅಳತೆ ನೋಡುವಾಗ 'ಉದ್ದ ಎಷ್ಟು' ಎಂದು ಕೇಳುವುದಕ್ಕಿಂತ 'ಈ ಜಾಗವನ್ನು ಬೇರೆ ಯಾವ ಐಟಮ್ಮಿನಲ್ಲಿ ಅಳೆದಿದ್ದೀರಿ' ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಗುರುತು ಕೂಡ ಸುಲಭ: ಗೋಡೆಯ ಉದ್ದ ದುಂಡಾಗಿ 18.00, 12.00 ಎಂದು ಬಂದಿದ್ದರೆ ಅದು ಗೋಡೆಯ ಮೇಲೆ ಟೇಪು ಹಿಡಿದು ಬರೆದದ್ದಲ್ಲ, ನಕ್ಷೆಯಿಂದ ಎತ್ತಿ ಬರೆದದ್ದು.

ಗೋಡೆಯಲ್ಲಿ ಇಷ್ಟು ಸಿಕ್ಕ ಉಮೇದಿನಲ್ಲಿ ಖಜಾಂಚಿಗಳು ಗಾರೆಯಲ್ಲೂ ಕೈಹಾಕಿದರು. ಕಿಟಕಿಯನ್ನು ಗೋಡೆಯ ಒಳಮುಖ ಹೊರಮುಖ ಎರಡರಲ್ಲೂ ಕಳೆಯಬೇಕು, ಹೊರಗಾರೆ ಬಂದಾಗಲೂ ಬಿಡಬಾರದು ಎಂಬುದು ಅವರ ವಾದ. ಇಲ್ಲಿ ಕಂಟ್ರಾಕ್ಟರ ಮಾತೇ ಸರಿ. ಕಟ್ಟಡ ಕೆಲಸದ ಅಳತೆಗೆ ನಮ್ಮಲ್ಲಿ ಆಧಾರ ಐಎಸ್ 1200 ಎಂಬ ಮಾನಕ. ಅದರ ಪ್ರಕಾರ ಗಾರೆಯಲ್ಲಿ ಅರ್ಧ ಚದರ ಮೀಟರಿನವರೆಗಿನ ಕಿಂಡಿಯನ್ನು ಕಳೆಯುವಂತಿಲ್ಲ. ಅರ್ಧದಿಂದ 3 ಚದರ ಮೀಟರಿನವರೆಗಿನದನ್ನು ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಇನ್ನೊಂದು ಮುಖದಲ್ಲಿ ಬಿಟ್ಟದ್ದು ಕಿಟಕಿಯ ಪಕ್ಕೆಗಳಿಗೆ ಬಳಿದ ಗಾರೆಗೆ ಸರಿಹೋಗುತ್ತದೆ, ಅದನ್ನು ಬೇರೆ ಅಳೆಯುವುದಿಲ್ಲ. 3 ಚದರ ಮೀಟರ್ ಮೀರಿದರೆ ಎರಡೂ ಮುಖದಲ್ಲಿ ಕಳೆದು ಪಕ್ಕೆಗಳನ್ನು ಪ್ರತ್ಯೇಕ ಅಳೆಯಬೇಕು. ಈ ಕಟ್ಟಡದ ಕಿಟಕಿ 1.80ಕ್ಕೆ 1.35, ಅಂದರೆ 2.43 ಚದರ ಮೀಟರ್, ಒಂದು ಮುಖ. ಬಾಗಿಲು 1.50ಕ್ಕೆ 2.10, ಅಂದರೆ 3.15, ಎರಡು ಮುಖ. ಒಂದೇ ಗೋಡೆಯಲ್ಲಿ ಬಾಗಿಲಿಗೊಂದು ನಿಯಮ, ಕಿಟಕಿಗೊಂದು ನಿಯಮ. ಗಾರೆಯ ಸಾಲನ್ನು ನಾನು ಮುಟ್ಟಲಿಲ್ಲ.

ಕಬ್ಬಿಣದಲ್ಲಿ ಈ ಬಿಲ್ಲಿನ ಪಾಲು 4.60 ಟನ್, ಎರಡನೇ ಛಾವಣಿಯದು. ಅಳತೆ ಪಟ್ಟಿಯ ಜಾಗದಲ್ಲಿ ವೇಬ್ರಿಡ್ಜಿನ ಚೀಟಿ ಲಗತ್ತಿಸಿದ್ದರು. ಕಬ್ಬಿಣಕ್ಕೆ ತೂಕದ ದರ ಇರುವುದರಿಂದ ತೂಕದ ಚೀಟಿಯೇ ಸಾಕ್ಷಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಣ ಕೊಡುವುದು ಛಾವಣಿಯೊಳಗೆ ಕೂತ ಸರಳಿಗೆ, ಲಾರಿಯಲ್ಲಿ ಬಂದ ಸರಳಿಗಲ್ಲ. ಸರಳುಗಳನ್ನು ಕಾಂಕ್ರೀಟ್ ಹಾಕುವ ಮೊದಲು ಎಣಿಸಿ ಉದ್ದ ಬರೆದುಕೊಂಡು, ಆ ಉದ್ದವನ್ನು ಮೀಟರಿನ ತೂಕದಿಂದ ಗುಣಿಸಬೇಕು. ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗಮಾಡಿ 162ರಿಂದ ಭಾಗಿಸಿದರೆ ಆ ತೂಕ ಬರುತ್ತದೆ. 10 ಮಿ.ಮೀ. ಸರಳಿಗೆ ಅದು 0.617 ಕಿಲೋ. ಛಾವಣಿಯ 18 ಮೀಟರ್ ಉದ್ದಕ್ಕೆ 15 ಸೆಂ.ಮೀ.ಗೊಂದರಂತೆ 121 ಸರಳು, ಎರಡು ಕಡೆ ಕವರ್ ಬಿಟ್ಟು ಒಂದೊಂದು 11.96 ಮೀಟರ್, ಈ ಒಂದು ಸಾಲಿಗೆ 893 ಕಿಲೋ. ಹೀಗೆ ಎಲ್ಲ ಸಾಲು ಕೂಡಿದಾಗ ಬಂದದ್ದು 4.24 ಟನ್. ಚೀಟಿಗಿಂತ 0.36 ಟನ್ ಕಡಿಮೆ, 30,600 ರೂಪಾಯಿ. ಆ ಮುನ್ನೂರ ಅರವತ್ತು ಕಿಲೋ ಸುಳ್ಳೇನಲ್ಲ, ತುಂಡುಗಳ ರೂಪದಲ್ಲಿ ಸೆಂಟ್ರಿಂಗ್ ಹಲಗೆಗಳ ಪಕ್ಕ ಬಿದ್ದಿತ್ತು. ತುಂಡಿನ ನಷ್ಟ ಕಂಟ್ರಾಕ್ಟರ ದರದೊಳಗೇ ಸೇರಿರುತ್ತದೆ. ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು: ಕಾರ್ಖಾನೆಯಿಂದ ಬರುವ ಸರಳಿನ ತೂಕವೇ ಲೆಕ್ಕಕ್ಕಿಂತ ಆಚೀಚೆ ಇರುತ್ತದೆ. 10 ಮಿ.ಮೀ. ವರೆಗಿನ ಸರಳಿಗೆ ಶೇ. 7ರಷ್ಟು ಹೆಚ್ಚುಕಡಿಮೆಯನ್ನು ಸರಳಿನ ಮಾನಕವೇ ಒಪ್ಪುತ್ತದೆ. ಆದ್ದರಿಂದ ಯಾವ ತೂಕ ಹಿಡಿಯಬೇಕೆಂಬುದನ್ನು ಕರಾರಿನಲ್ಲೇ ಬರೆದುಕೊಂಡಿದ್ದರೆ ಜಗಳವಿಲ್ಲ. ಇವರ ಕರಾರಿನಲ್ಲಿ ಲೆಕ್ಕದ ತೂಕ ಎಂದಿತ್ತು.

ಅಲ್ಲಿಗೆ ಅಳತೆಯ ಕೆಲಸ ಮುಗಿಯಿತು. ಎರಡು ತಿದ್ದುಪಡಿ ಸೇರಿ 98,504 ರೂಪಾಯಿ. ಈವರೆಗಿನ ಕೆಲಸ 34,34,400 ಇದ್ದದ್ದು 33,35,896 ಆಯಿತು. ಈ ಬಿಲ್ಲಿನ ಕೆಲಸ 12,35,896. ಖಜಾಂಚಿಗಳು ಕಾಫಿ ತರಿಸಿದರು, ಅವರ ಮಟ್ಟಿಗೆ ಕೇಸು ಮುಗಿದಿತ್ತು.

ನಾನು ಪುಟ ತಿರುವಿ ಕೆಳಗಿನ ಸಾಲುಗಳಿಗೆ ಬಂದೆ. 'ಮುಂಗಡ ವಸೂಲಿ ಶೇ. 12.5' ಎಂದು 1,66,800 ಕಳೆದಿದ್ದರು. 13,34,400ಕ್ಕೆ ಹನ್ನೆರಡೂವರೆ ಪರ್ಸೆಂಟ್ ಅಷ್ಟೇ ಆಗುತ್ತದೆ, ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಕೆಲಸದ ಲೆಕ್ಕವನ್ನು ಮೊದಲಿನಿಂದ ಒಟ್ಟಾಗಿ ಬರೆಯುವ ಇದೇ ಬಿಲ್ಲು ವಸೂಲಿಯನ್ನು ಮಾತ್ರ ಈ ತಿಂಗಳಿಗಷ್ಟೇ ಬರೆಯುತ್ತದೆ. ಅಂದರೆ ಅಳತೆಯ ತಪ್ಪು ಮುಂದಿನ ಬಿಲ್ಲಿನಲ್ಲಿ ತಾನೇ ತಿದ್ದಿಕೊಳ್ಳುತ್ತದೆ, ವಸೂಲಿಯ ತಪ್ಪು ಹಾಗೆ ತಿದ್ದಿಕೊಳ್ಳುವುದಿಲ್ಲ. ಹಳೆಯ ಕಡತ ತರಿಸಿದೆ. ಮೊದಲ ಬಿಲ್ಲು 8 ಲಕ್ಷದ್ದು, ವಸೂಲಿ 1 ಲಕ್ಷ, ಸರಿ. ಎರಡನೆಯದು 13 ಲಕ್ಷದ್ದು, 1,62,500 ಹಿಡಿಯಬೇಕಿತ್ತು, ಹಿಡಿದದ್ದು 1 ಲಕ್ಷ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಟಿಪ್ಪಣಿ: ಸ್ಲ್ಯಾಬಿಗೆ ಹಣ ಬೇಕೆಂದು ಕೋರಿದ್ದಾರೆ, ಬಾಕಿ ಮುಂದಿನ ಬಿಲ್ಲಿನಲ್ಲಿ. ಸಂಘದವರು ಮನುಷ್ಯತ್ವದಿಂದ ಒಪ್ಪಿದ್ದರು, ಒಪ್ಪಿದ್ದು ತಪ್ಪೂ ಅಲ್ಲ. ಮುಂದಿನ ಬಿಲ್ಲು ಬಂತು, ಪೆನ್ಸಿಲಿನ ಟಿಪ್ಪಣಿಯನ್ನು ಯಾರೂ ತೆಗೆದು ನೋಡಲಿಲ್ಲ.

ಇದಕ್ಕೆ ಔಷಧ ಸುಲಭ. ವಸೂಲಿಯನ್ನೂ ಒಟ್ಟಾಗಿಯೇ ಲೆಕ್ಕಹಾಕಿ. ಈವರೆಗಿನ ಕೆಲಸ 33,35,896ರ ಶೇ. 12.5 ಎಂದರೆ 4,16,987. ಹಿಂದೆ ಹಿಡಿದದ್ದು 2,00,000. ಈಗ ಹಿಡಿಯಬೇಕಾದ್ದು 2,16,987. ಹಿಂದಿನ ರಿಯಾಯಿತಿ, ಹಿಂದಿನ ತಪ್ಪು, ಈಗಿನ ಅಳತೆ ತಿದ್ದುಪಡಿ, ಮೂರೂ ಈ ಒಂದೇ ವ್ಯವಕಲನದಲ್ಲಿ ಸರಿಯಾಗುತ್ತವೆ.

ಅದಕ್ಕಿಂತ ದೊಡ್ಡದು ಬಿಲ್ಲಿನಲ್ಲಿ ಇಲ್ಲದೇ ಇದ್ದ ಸಾಲು. ಎರಡನೇ ಬಿಲ್ಲಿನ ಹೊತ್ತಿಗೆ ಕಂಟ್ರಾಕ್ಟರು ಎರಡನೇ ಛಾವಣಿಗೆಂದು 4 ಟನ್ ಕಬ್ಬಿಣ ತಂದು ಇಳಿಸಿದ್ದರು. ಸೈಟಿನಲ್ಲಿ ಇಳಿಸಿದ ಸಾಮಾನಿನ ಬೆಲೆಯ ಮುಕ್ಕಾಲು ಭಾಗವನ್ನು ಅದು ಕೆಲಸಕ್ಕೆ ಬೀಳುವ ಮೊದಲೇ ಮುಂಗಡವಾಗಿ ಕೊಡುವ ಪದ್ಧತಿಯಿದೆ. ಸೆಕ್ಯೂರ್ಡ್ ಅಡ್ವಾನ್ಸ್ ಎನ್ನುತ್ತಾರೆ. ಟನ್ನಿಗೆ 68,000ರಂತೆ 2,72,000ದ ಸಾಮಾನಿಗೆ 2,04,000 ಕೊಟ್ಟಿದ್ದರು. ಕೆಲಸ ಶುರುಮಾಡಲು ಕೊಟ್ಟ 12 ಲಕ್ಷದ ಮುಂಗಡಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ನಿಧಾನವಾಗಿ ಪರ್ಸೆಂಟಿನ ಲೆಕ್ಕದಲ್ಲಿ ವಾಪಸಾಗುತ್ತದೆ. ಇದು ಸಾಮಾನು ಕಾಂಕ್ರೀಟಿನೊಳಗೆ ಹೋದ ಬಿಲ್ಲಿನಲ್ಲೇ ಹೋದಷ್ಟಕ್ಕೂ ಒಟ್ಟಿಗೆ ವಾಪಸಾಗಬೇಕು, ಏಕೆಂದರೆ ಆ ಬಿಲ್ಲಿನಲ್ಲಿ ಅದೇ ಕಬ್ಬಿಣಕ್ಕೆ ಟನ್ನಿಗೆ 85,000ದಂತೆ ಪೂರಾ ದರ ಸಿಗುತ್ತಿದೆ.

ಛಾವಣಿ ಬಿದ್ದಾಗಿದೆ. ಬಿಲ್ಲಿನಲ್ಲಿ ಆ ಕಬ್ಬಿಣಕ್ಕೆ ಹಣ ಕೇಳಿದ್ದಾರೆ. 2,04,000ದ ವಸೂಲಿ ಮಾತ್ರ ಎಲ್ಲೂ ಇಲ್ಲ. ಕೇಳಿದಾಗ ಕಂಟ್ರಾಕ್ಟರ ಸೂಪರ್‌ವೈಸರು ಹೇಳಿದರು, "ಸಾರ್, ಆ ಸಾಮಾನು ಇನ್ನೂ ಸೈಟಲ್ಲೇ ಐತೆ." ಇದ್ದರೂ ಇರಬಹುದಿತ್ತು, ಬೇರೆ ಲಾರಿಯಲ್ಲಿ ತಂದದ್ದು ಛಾವಣಿಗೆ ಹೋಗಿರಬಹುದು. ಆದರೆ ನನ್ನ ಕೈಯಲ್ಲಿ ವೇಬ್ರಿಡ್ಜ್ ಚೀಟಿಗಳ ಎರಡು ಕಂತೆಗಳಿದ್ದವು, ಒಂದು ಎರಡನೇ ಬಿಲ್ಲಿನ ಮುಂಗಡದ ಕೋರಿಕೆಗೆ ಅಂಟಿಸಿದ್ದು, ಇನ್ನೊಂದು ಈ ಬಿಲ್ಲಿನ 4.60 ಟನ್ನಿಗೆ ಅಂಟಿಸಿದ್ದು. 4 ಟನ್ನಿನ ಚೀಟಿ ಎರಡರಲ್ಲೂ ಒಂದೇ: ಅದೇ ಲಾರಿ ನಂಬರು, ಅದೇ ತಾರೀಕು. ಈ ಸಲ ಅದರ ಜತೆಗೆ 0.60 ಟನ್ನಿನ ಹೊಸ ಚೀಟಿಯೊಂದು ಸೇರಿತ್ತು, ಅಷ್ಟೆ. ಕಬ್ಬಿಣಕ್ಕೆ ತೂಕದ ಚೀಟಿ ತಪ್ಪು ದಾಖಲೆ ಎಂದು ಮೇಲೆ ಬರೆದೆನಲ್ಲ, ಆ ತಪ್ಪು ದಾಖಲೆಯೇ ಇಲ್ಲಿ ಸಾಕ್ಷಿಯಾಗಿ ಒದಗಿತು.

ಸೂಪರ್‌ವೈಸರು ಕದಿಯಲು ಹೊರಟಿದ್ದರೆಂದು ನನಗೆ ಅನ್ನಿಸುವುದಿಲ್ಲ. ಬಿಲ್ಲಿನ ಕಂಪ್ಯೂಟರ್ ಹಾಳೆಯನ್ನು ಅವರು ಬೇರೊಂದು ಕೆಲಸದಿಂದ ತಂದಿದ್ದರು, ಆ ಕೆಲಸದಲ್ಲಿ ಇಂಥ ಮುಂಗಡವೇ ಇರಲಿಲ್ಲ, ಹಾಗಾಗಿ ಹಾಳೆಯಲ್ಲಿ ಆ ಸಾಲೂ ಇರಲಿಲ್ಲ. ಇರುವ ಸಾಲಿನ ತಪ್ಪು ಕಣ್ಣಿಗೆ ಬೀಳುತ್ತದೆ, ಇಲ್ಲದ ಸಾಲು ಬೀಳುವುದಿಲ್ಲ. ಅದಕ್ಕೇ ಬಿಲ್ಲು ಓದುವ ಮೊದಲು ಸಂಘದ ಬ್ಯಾಂಕ್ ಪುಸ್ತಕ ತೆಗೆದು, ಕಂಟ್ರಾಕ್ಟರಿಗೆ ಈವರೆಗೆ ಹೋದ ಪ್ರತಿ ಚೆಕ್ಕೂ ಬಿಲ್ಲಿನ ಯಾವ ಸಾಲಿನಲ್ಲಿ ಕೂತಿದೆ ಎಂದು ಗುರುತು ಹಾಕಬೇಕು. ಎಲ್ಲೂ ಕೂರದ ಚೆಕ್ಕೇ ನೀವು ಹುಡುಕುತ್ತಿರುವುದು.

ಇನ್ನು ತಡೆಹಿಡಿಯುವ ಹಣ, ರೂಢಿಯಲ್ಲಿ ರಿಟೆನ್ಷನ್. ಬಿಲ್ಲಿನಲ್ಲಿ ಮುಂಗಡ ವಸೂಲಿ ಕಳೆದು ಉಳಿದ 11,67,600ಕ್ಕೆ ಶೇ. 5 ಹಾಕಿ 58,380 ಎಂದು ಬರೆದಿದ್ದರು. ತಡೆಹಿಡಿಯುವುದು ಕೆಲಸದ ಗುಣಮಟ್ಟಕ್ಕೆ ಆಧಾರವಾಗಿ. ಆದ್ದರಿಂದ ಅದನ್ನು ಕೆಲಸದ ಪೂರ್ತಿ ಮೌಲ್ಯದ ಮೇಲೆ ಹಾಕಬೇಕು, ಕೈಗೆ ಬರುವ ಹಣದ ಮೇಲಲ್ಲ. ಮುಂಗಡದಲ್ಲಿ ಕಟ್ಟಿದ ಗೋಡೆಯೂ ಸೋರಬಹುದಲ್ಲ. ಇದನ್ನೂ ಒಟ್ಟಾಗಿ ಲೆಕ್ಕಹಾಕಿದರೆ 33,35,896ರ ಶೇ. 5 ಎಂದರೆ 1,66,795; ಹಿಂದೆ ಹಿಡಿದದ್ದು 1,05,000; ಈಗ 61,795. ವ್ಯತ್ಯಾಸ ಮೂರು ಸಾವಿರ ಚಿಲ್ಲರೆ, ಇದಕ್ಕಾಗಿ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಅದೇ ಸೂತ್ರ ಎಲ್ಲ ಬಿಲ್ಲಿನಲ್ಲೂ ನಡೆದರೆ 12 ಲಕ್ಷದ ಮುಂಗಡದ ಶೇ. 5, ಅಂದರೆ 60,000 ರೂಪಾಯಿ ಕೊನೆಯಲ್ಲಿ ಕೊರತೆ ಬೀಳುತ್ತದೆ.

ಇಲ್ಲಿ ಕಂಟ್ರಾಕ್ಟರ ಪರವಾಗಿಯೂ ಒಂದು ಮಾತು ಆಡಬೇಕು. ತಡೆಹಿಡಿದದ್ದು ಸಂಘದ ಉಳಿತಾಯವಲ್ಲ, ಕಂಟ್ರಾಕ್ಟರು ಆಗಲೇ ದುಡಿದ ಹಣ. ಜಮಾಖರ್ಚಿನಲ್ಲಿ ಅದನ್ನು ಕೊಡಬೇಕಾದ ಬಾಕಿ ಎಂದು ತೋರಿಸಬೇಕು. ಈ ಸಂಘದ ಪುಸ್ತಕದಲ್ಲಿ ಅದು ಎಲ್ಲೂ ಇರಲಿಲ್ಲ, ಕಟ್ಟಡದ ಖರ್ಚು ಅಷ್ಟು ಕಡಿಮೆಯಾಯಿತು ಎಂಬಂತೆ ಬಿಟ್ಟಿದ್ದರು. ಹೀಗೆ ಬಿಟ್ಟರೆ ಕೆಲಸ ಮುಗಿದ ದಿನ 3 ಲಕ್ಷ, ಮುಂದಿನ ವರ್ಷ ಇನ್ನೊಂದು 3 ಲಕ್ಷ ಕೊಡಬೇಕಾಗಿ ಬಂದಾಗ ಹಣವಿರುವುದಿಲ್ಲ. ಆಮೇಲೆ ಎಲ್ಲಿಯೋ ಒಂದು ಬಿರುಕು ಹುಡುಕಿ ಕೊಡದಿರಲು ನೆಪ ಮಾಡುವುದು ಶುರುವಾಗುತ್ತದೆ. ಇದನ್ನು ಬಲ್ಲ ಕಂಟ್ರಾಕ್ಟರು ರಿಟೆನ್ಷನ್ ಹಣ ಮುಳುಗಿತೆಂದೇ ಎಣಿಸಿ ಮೊದಲೇ ದರ ಏರಿಸಿಡುತ್ತಾರೆ.

ಉಳಿದದ್ದು ಟಿಡಿಎಸ್. ಇವರು ಒಬ್ಬರೇ ಮಾಲೀಕರಾದ ಕಂಟ್ರಾಕ್ಟರಾದ್ದರಿಂದ ಶೇ. 1, ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆಗಿದ್ದರೆ ಶೇ. 2. ಎರಡೂ ಮುಂಗಡ ಕೊಡುವಾಗಲೇ ಸಂಘದವರು ಅದರ ಮೇಲೆ ತೆರಿಗೆ ಹಿಡಿದಿದ್ದರು. ಹಾಗಾಗಿ ಈಗ ವಸೂಲಾದ ಮುಂಗಡಗಳನ್ನು ಬಿಟ್ಟು ಉಳಿದ 8,14,909ಕ್ಕೆ ಮಾತ್ರ ಹಿಡಿದರೆ ಸಾಕು, 8,149. ಇಲ್ಲಿ ತಿದ್ದುಪಡಿ ಕಂಟ್ರಾಕ್ಟರಿಗೆ ಅನುಕೂಲವಾಗಿಯೇ ಬಂತು.

| ವಿವರ | ಕಂಟ್ರಾಕ್ಟರ ಬಿಲ್ (ರೂ.) | ತಿದ್ದಿದ್ದು (ರೂ.) |
|---|---|---|
| ಈ ಬಿಲ್ಲಿನ ಕೆಲಸ | 13,34,400 | 12,35,896 |
| ಆರಂಭದ ಮುಂಗಡ ವಸೂಲಿ | 1,66,800 | 2,16,987 |
| ಸಾಮಾನಿನ ಮುಂಗಡ ವಸೂಲಿ | 0 | 2,04,000 |
| ತಡೆಹಿಡಿದದ್ದು | 58,380 | 61,795 |
| ಟಿಡಿಎಸ್ | 11,676 | 8,149 |
| ಕೊಡಬೇಕಾದ್ದು | 10,97,544 | 7,44,965 |

ಖಜಾಂಚಿಗಳು ತಕ್ಷಣ, ಹಾಗಾದರೆ ಬಿಲ್ಲು ವಾಪಸು ಕಳಿಸಿಬಿಡೋಣ, ಸರಿಮಾಡಿ ತರಲಿ ಅಂದರು. ಬೇಡ ಅಂದೆ. ಕಂಟ್ರಾಕ್ಟರು ಪ್ರತಿ ಶನಿವಾರ ಕೂಲಿಯವರಿಗೆ ಬಟವಾಡೆ ಮಾಡಬೇಕು; ಬಿಲ್ಲು ಹದಿನೈದು ದಿನ ಓಡಾಡಿದರೆ ಗಾರೆ ಕೆಲಸದವರು ಬೇರೆ ಸೈಟಿಗೆ ಹೋಗುತ್ತಾರೆ. ತಕರಾರಿಲ್ಲದ 7,44,965ನ್ನು ಈಗಲೇ ಕೊಟ್ಟು, ಗೋಡೆ ಮತ್ತು ಕಬ್ಬಿಣದ ಅಳತೆಯನ್ನು ಇಬ್ಬರೂ ಸೈಟಿನಲ್ಲಿ ಕೂಡಿ ನೋಡಿ ಸಹಿ ಹಾಕುವುದು, ಒಪ್ಪಿದ್ದು ನಾಲ್ಕನೇ ಬಿಲ್ಲಿಗೆ ಸೇರುವುದು. ಮೊದಲಿನಿಂದ ಒಟ್ಟಾಗಿ ಬರೆಯುವ ಬಿಲ್ಲಿನ ಗುಣವೇ ಇದು, ಇವತ್ತು ಬಿಟ್ಟದ್ದು ಯಾರಿಗೂ ನಷ್ಟವಾಗುವುದಿಲ್ಲ. ಕಂಟ್ರಾಕ್ಟರು ಬಂದು ನೋಡಿ ಪಿಲ್ಲರು, ಬೀಮನ್ನು ಅಲ್ಲೇ ಒಪ್ಪಿದರು. ಕಬ್ಬಿಣದ ತುಂಡಿನ ವಿಷಯದಲ್ಲಿ ಸ್ವಲ್ಪ ಹೊತ್ತು ಎಳೆದಾಡಿ ಕರಾರಿನ ಪುಟ ತೋರಿಸಿದ ಮೇಲೆ ಸುಮ್ಮನಾದರು.

ಹೊರಡುವ ಮುನ್ನ ಇನ್ನೊಂದು ವ್ಯವಕಲನ ಮಾಡಿದೆ. 12 ಲಕ್ಷದಲ್ಲಿ ವಸೂಲಾದ 4,16,987 ಕಳೆದರೆ ಇನ್ನೂ 7,83,013 ಕಂಟ್ರಾಕ್ಟರ ಬಳಿ ಇದೆ. ಲೆಕ್ಕ ಸರಿಯೇ ಎಂದು ಇನ್ನೊಂದು ದಾರಿಯಿಂದ ನೋಡಿದೆ: 96 ಲಕ್ಷ ತಲುಪಲು ಬಾಕಿ ಇರುವ ಕೆಲಸ 62,64,104, ಅದರ ಶೇ. 12.5 ಕೂಡ 7,83,013. ತಾಳೆಯಾಯಿತು. ಆದರೆ ಕಂಟ್ರಾಕ್ಟರು ನಾಳೆ ಕೆಲಸ ಬಿಟ್ಟರೆ ಸಂಘದ ಕೈಯಲ್ಲಿರುವುದು ತಡೆಹಿಡಿದ 1,66,795 ಮಾತ್ರ. ನಡುವಿನ ಆರು ಲಕ್ಷಕ್ಕೂ ಮಿಕ್ಕ ಹಣವನ್ನು ಕಾಯುತ್ತಿರುವುದು ಆ ಬ್ಯಾಂಕ್ ಗ್ಯಾರಂಟಿ. ಅದನ್ನು ತೆಗೆಸಿ ನೋಡಿದೆವು. ಅವಧಿ ಮುಗಿಯಲು ಹತ್ತೊಂಬತ್ತು ದಿನ ಉಳಿದಿತ್ತು.